ಎಳ್ಳುಂಡಿ ಗಟ್ಟಿ ಇದ್ವು ಅಂದವರ ಮಾತು ನಮ್ಮ ದೀಪಾವಳಿ ಪಾಂಪ್ಲೆಟ್‌ಗೆ ಬಂದದ್ದು

ಧಾರವಾಡದಲ್ಲಿ ನಾನು ಮನೆಯಲ್ಲೇ ಹಬ್ಬದ ತಿಂಡಿ ಮಾಡಿ ಮಾರುತ್ತೇನೆ. ನಾಗರ ಪಂಚಮಿಗೆ ಉಂಡಿಗಳು, ದೀಪಾವಳಿಗೆ ಫರಾಳದ ಡಬ್ಬಿ. ಬೇರೆ ದಿನಗಳಲ್ಲಿ ಕೆಲಸಕ್ಕೆ ನಾವು ಇಬ್ಬರೇ. ಹಬ್ಬದ ಹೊತ್ತಿಗೆ ಆರು ಜನ ಆಗುತ್ತೇವೆ. ದೀಪಾವಳಿಗೆ ಮೂರು ವಾರ ಇದೆ ಅನ್ನುವಾಗ ಎರಡು ಸಾವಿರ ಪಾಂಪ್ಲೆಟ್ ಅಚ್ಚು ಹಾಕಿಸಿ ಬೆಳಗಿನ ಪೇಪರಿನೊಳಗೆ ಇಡಿಸುತ್ತೇವೆ. ಅದೇ ಚಿತ್ರ ವಾಟ್ಸಾಪ್ ಸ್ಟೇಟಸ್‌ಗೂ ಹೋಗುತ್ತದೆ. ಓಣಿಯ ತಿರುವಿನಲ್ಲಿ ಒಂದು ಬಟ್ಟೆ ಬ್ಯಾನರ್. ನಮ್ಮ ಜಾಹೀರಾತು ಅಂದರೆ ಇಷ್ಟೇ.

ಮೂರು ವರ್ಷದ ಹಿಂದೆ ಆ ಪಾಂಪ್ಲೆಟ್‌ನಲ್ಲಿ ಗ್ರಾಹಕರ ಮಾತು ಹಾಕೋಣ ಅನಿಸಿತು. ಫೋನಿನಲ್ಲಿ ಎಷ್ಟೊಂದು ಒಳ್ಳೆಯ ಮೆಸೇಜ್‌ಗಳಿದ್ದವು. ಡಿಸೈನ್ ಮಾಡುವ ಹುಡುಗನ ಕೈಗೆ ಫೋನ್ ಕೊಟ್ಟು, "ಚೊಲೊ ಇದ್ದದ್ದು ನೋಡಿ ಹಾಕಪಾ" ಅಂದೆ. ಅವನು ಮೂರು ಮೆಸೇಜ್ ಆರಿಸಿದ. ಒಂದಕ್ಕೆ ಆ ಗ್ರಾಹಕಿಯ ವಾಟ್ಸಾಪ್ ಫೋಟೋವನ್ನೂ ಹೆಸರನ್ನೂ ಹಾಕಿದ. ನಾನು ಬೆಲೆ, ಫೋನ್ ನಂಬರ್ ಸರಿ ಇದೆಯಾ ಅಂತ ಮಾತ್ರ ನೋಡಿ ಅಚ್ಚಿಗೆ ಕಳಿಸಿದೆ.

ಪೇಪರ್ ಬಂದ ದಿನ ಸಂಜೆ ಆಕೆ ಫೋನ್ ಮಾಡಿದರು. ಜೋರಾಗಿ ಏನೂ ಮಾತಾಡಲಿಲ್ಲ. "ಅಕ್ಕಾ, ಕರ್ಚಿಕಾಯಿ ನಾನ ಮಾಡೀನಿ ಅಂತ ಮನ್ಯಾಗ ಹೇಳಿದ್ದೆ" ಅಂದರು. ಇಡೀ ದಿನ ಕೆಲಸಕ್ಕೆ ಹೋಗಿ ಬರುವ ಹೆಣ್ಣುಮಗಳು. ಅದರ ಹಿಂದಿನ ವರ್ಷ ನನ್ನಿಂದ ಕರ್ಚಿಕಾಯಿ ಒಯ್ದು ಸ್ಟೀಲ್ ಡಬ್ಬಿಗೆ ಹಾಕಿ ಇಟ್ಟಿದ್ದರು. ಅತ್ತೆ ಪೇಪರಿನೊಳಗಿನ ಪಾಂಪ್ಲೆಟ್ ತೆಗೆದು ಸೊಸೆಯ ಫೋಟೋ ನೋಡಿದ್ದರು. ಸ್ಟೇಟಸ್ ತೆಗೆದುಹಾಕೋಕೆ ನನಗೆ ಒಂದು ನಿಮಿಷ ಸಾಕಾಯಿತು. ಎರಡು ಸಾವಿರ ಮನೆಗೆ ಹೋದ ಕಾಗದವನ್ನು ಏನು ಮಾಡೋದು? ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಮತ್ತೆ ನನ್ನ ಹತ್ತಿರ ಏನೂ ಒಯ್ಯಲಿಲ್ಲ. ಆಕೆ ಬರೆದದ್ದರಲ್ಲಿ ಸುಳ್ಳು ಇರಲಿಲ್ಲ, ಡಿಸೈನ್ ಹುಡುಗ ಒಂದಕ್ಷರ ಬದಲಿಸಿರಲೂ ಇಲ್ಲ. ಆದರೆ ನನ್ನ ಹತ್ತಿರ ತಿಂಡಿ ಒಯ್ದಿದ್ದೇ ಆಕೆಯ ಮನೆಯ ಗುಟ್ಟು ಆಗಿರಬಹುದು ಅಂತ ನನಗೆ ಹೊಳೆದಿರಲಿಲ್ಲ.

ಎರಡು ದಿನ ಬಿಟ್ಟು ಇನ್ನೊಂದು ಫೋನ್. ಈ ಸಲ ರಿಟೈರ್ ಆದ ಒಬ್ಬ ಅಕ್ಕೋರು, ಕನ್ನಡ ಕಲಿಸುತ್ತಿದ್ದವರು. "ನಾ ಹಂಗ ಅಂದಿಲ್ಲಲ್ರಿ?" ಅಂದರು. ಪಾಂಪ್ಲೆಟ್ ಮತ್ತು ಫೋನ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಅವರು ಬರೆದದ್ದು "ಚಕ್ಕಲಿ ಚೊಲೊ ಇದ್ವು" ಅಂತ ಮೂರೇ ಪದ. ಅಚ್ಚಾದದ್ದು "ಇಂತಹ ರುಚಿಯಾದ ಚಕ್ಕುಲಿಯನ್ನು ಜೀವನದಲ್ಲೇ ಸವಿದಿಲ್ಲ!" ಹುಡುಗನನ್ನು ಕೇಳಿದೆ. "ಅಕ್ಕಾ, ಮೂರ ಪದಕ್ಕ ಜಾಗ ಭಾಳ ಉಳೀತಿತ್ತು" ಅಂದ. ಅವನಿಗೆ ಅದು ತಪ್ಪು ಅನಿಸಿರಲೇ ಇಲ್ಲ. ನಾನೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ವರ್ಷ ಯಾರ ಮಾತನ್ನೂ ಹಾಕಲಿಲ್ಲ. ಅದರ ಮುಂದಿನ ವರ್ಷ, ಅಂದರೆ ಹೋದ ಸೀಸನ್‌ಗೆ, ಸರಿಯಾಗಿ ಮಾಡೋದು ಹೇಗೆ ಅಂತ ಕೂತು ಯೋಚಿಸಿದೆ. ಆ ಕೆಲಸ ನಾಗರ ಪಂಚಮಿಯಿಂದಲೇ ಶುರುವಾಯಿತು.

ಮೊದಲು ಬದಲಾದದ್ದು ನಾನು ಕೇಳುವ ಪ್ರಶ್ನೆ. ಹಿಂದೆಲ್ಲ ಡಬ್ಬಿ ಮುಟ್ಟಿದ ಮಾರನೆಯ ದಿನ "ಚೊಲೊ ಇದ್ವಲ್ರಿ?" ಅಂತ ಕೇಳುತ್ತಿದ್ದೆ. ಹಾಗೆ ಕೇಳಿದರೆ ನಮ್ಮ ಕಡೆ ಯಾರೂ ಇಲ್ಲ ಅನ್ನುವುದಿಲ್ಲ. "ಹೌದ್ರಿ, ಭಾಳ ಚೊಲೊ ಇದ್ವು" ಅಂತಾರೆ, ಅಷ್ಟೇ. ಅದರಲ್ಲಿ ನನಗೂ ಏನೂ ಸಿಗುವುದಿಲ್ಲ, ಓದುವವರಿಗೂ ಸಿಗುವುದಿಲ್ಲ. ಈ ಸಲ ನಾಲ್ಕು ದಿನ ಬಿಟ್ಟು ಕೇಳಿದೆ. ಅಷ್ಟರೊಳಗೆ ಮನೆಯವರೆಲ್ಲ ತಿಂದಿರುತ್ತಾರೆ, ಉಂಡಿ ಮೆತ್ತಗಾಗಿದ್ದರೆ, ಕಮಟು ವಾಸನೆ ಬಂದಿದ್ದರೆ ಅದೂ ಗೊತ್ತಾಗಿರುತ್ತದೆ. ಕೇಳಿದ್ದು ಎರಡೇ ಪ್ರಶ್ನೆ. "ಯಾವ ಉಂಡಿ ಮೊದಲು ಖಾಲಿ ಆದ್ವು? ಯಾವುದು ಸರಿ ಅನಸಲಿಲ್ಲ?" ಎರಡನೆಯದನ್ನು ಕೇಳೋಕೆ ಎದೆ ಗಟ್ಟಿ ಮಾಡಿಕೊಳ್ಳಬೇಕಾಯಿತು. ಆದರೆ ಜನ ಬಾಯಿ ಬಿಟ್ಟು ಮಾತಾಡಿದ್ದು ಅದಕ್ಕೇ.

ನಲವತ್ತಕ್ಕೂ ಹೆಚ್ಚು ಉತ್ತರ ಬಂದವು. ಅರ್ಧ ಬರೆದವು, ಅರ್ಧ ದನಿ ಮೆಸೇಜ್. ದನಿ ಮೆಸೇಜ್‌ಗಳನ್ನು ಕೇಳುತ್ತ ಒಂದು ಇನ್ನೂರು ಪುಟದ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ, ಅವರು ಹೇಗೆ ಅಂದರೋ ಹಾಗೇ. ತಾರೀಖು, ಯಾರು, ಏನು ಒಯ್ದಿದ್ದರು ಅನ್ನುವುದು ಎಡಗಡೆ. ಮಾತು ಬಲಗಡೆ. ಮೂಲ ಮೆಸೇಜ್ ಅಳಿಸಬಾರದು. ಒಬ್ಬರ ಚಾಟ್‌ನಲ್ಲಿ ಏಳು ದಿನಕ್ಕೆ ಮೆಸೇಜ್ ತಾನಾಗಿ ಅಳಿಯುವ ಸೆಟ್ಟಿಂಗ್ ಇತ್ತು. ನಾನು ಬರೆದುಕೊಳ್ಳೋಣ ಅನ್ನುವಷ್ಟರಲ್ಲಿ ಅವರ ಮಾತು ಹೋಗಿತ್ತು. ಸಾರಾಂಶ ನೆನಪಿತ್ತು, ಆದರೆ ನೆನಪಿನಿಂದ ಬರೆದರೆ ಅದು ನನ್ನ ಮಾತಾಗುತ್ತದೆ. ಅವರನ್ನೇ ಇನ್ನೊಮ್ಮೆ ಕೇಳಿದೆ. ಎರಡನೆಯ ಸಲ ಅವರು ಅಷ್ಟು ಉತ್ಸಾಹದಿಂದ ಹೇಳಲಿಲ್ಲ. ಆ ಎರಡನೆಯದನ್ನೇ ಬರೆದುಕೊಂಡೆ.

ಅದರಲ್ಲಿ ಹನ್ನೆರಡನ್ನು ಆರಿಸಿದೆ. ಆರಿಸುವಾಗ ಬಿಟ್ಟವುಗಳ ಬಗ್ಗೆ ಹೇಳಬೇಕು, ಯಾಕೆಂದರೆ ಅತಿ ಜಾಸ್ತಿ ಹೊಗಳಿದ ಮಾತುಗಳೆಲ್ಲ ಅಲ್ಲೇ ಬಿದ್ದುಹೋದವು. ನನ್ನ ಚಿಕ್ಕಮ್ಮನ ಮೆಸೇಜ್ ಅರ್ಧ ಪುಟ ಇತ್ತು. ಅವಳ ಮಾತು ನಿಜವೇ. ಆದರೆ ಓದುವವರಿಗೆ ಅವಳು ನನ್ನ ಚಿಕ್ಕಮ್ಮ ಅಂತ ಗೊತ್ತಿರುವುದಿಲ್ಲ. ಗೊತ್ತಾದರೆ ಆ ಮಾತಿಗೆ ಅವರು ಕೊಡುವ ಬೆಲೆ ಬೇರೆ. ಪಕ್ಕದ ಮನೆಯವರದ್ದನ್ನೂ ಬಿಟ್ಟೆ, ಅವರಿಗೆ ದುಡ್ಡು ತೆಗೆದುಕೊಳ್ಳದೆ ಕೊಟ್ಟಿದ್ದೆ.

ಇನ್ನೊಂದು ಮಾತನ್ನು ಬಿಡೋಕೆ ಮನಸ್ಸೇ ಬರಲಿಲ್ಲ. ಒಬ್ಬರು ಅಂಟಿನ ಉಂಡಿ ಒಯ್ದಿದ್ದರು. "ನಮ್ಮಪ್ಪಗ ಶುಗರ್ ಐತ್ರಿ. ದಿನಾ ಒಂದು ತಿಂದ್ರು, ಶುಗರ್ ಏರಲೇ ಇಲ್ಲ. ಮೊಣಕಾಲ ನೋವೂ ಕಡಿಮಿ ಆತು" ಅಂದಿದ್ದರು. ಕೇಳಿದವರು ಯಾರಾದರೂ ಅಂಟಿನ ಉಂಡಿ ಒಯ್ಯುವ ಮಾತೇ. ಅವರು ಅನುಮತಿಯನ್ನೂ ಕೊಡುತ್ತಿದ್ದರು. ನಮ್ಮ ತಿಂಡಿಯ ಲೈಸೆನ್ಸ್ ಕೆಲಸ ನೋಡುವವರನ್ನು ಕೇಳಿದೆ. ಅವರು ಹೇಳಿದ್ದು ಇಷ್ಟು. ಗ್ರಾಹಕರು ತಮ್ಮೊಳಗೆ ಏನಾದರೂ ಮಾತಾಡಿಕೊಳ್ಳಲಿ, ನೀವು ಅದನ್ನು ನಿಮ್ಮ ಜಾಹೀರಾತಿನಲ್ಲಿ ಹಾಕಿದ ಕೂಡಲೇ ಅದು ನೀವು ಹೇಳಿದ ಮಾತು. ಸಕ್ಕರೆ ಕಾಯಿಲೆಗೆ ಒಳ್ಳೆಯದಾಗುತ್ತದೆ ಅಂತ ಜಾಹೀರಾತು ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ತಡೆಯುತ್ತದೆ. ತಿಂಡಿಯಿಂದ ಕಾಯಿಲೆ ವಾಸಿಯಾಗುತ್ತದೆ ಅಂತ ಹೇಳಬಾರದು ಅಂತ ಆಹಾರ ಜಾಹೀರಾತಿನ 2018ರ ನಿಯಮಗಳೂ ಹೇಳುತ್ತವೆ. ಕಾನೂನು ಒಂದು ಕಡೆ ಇರಲಿ. ಅಂಟಿನ ಉಂಡಿಯಲ್ಲಿ ಬೆಲ್ಲ ಎಷ್ಟು ಹಾಕುತ್ತೇನೆ ಅಂತ ನನಗೆ ಗೊತ್ತಿದೆ. ಆ ಮಾತು ಓದಿ ಶುಗರ್ ಇರುವ ಯಾರೋ ದಿನಕ್ಕೆ ಎರಡು ತಿಂದರೆ? ಅವರಿಗೆ ಫೋನ್ ಮಾಡಿ, ನಿಮ್ಮ ಮಾತು ಹಾಕುವುದಿಲ್ಲ, ಅಪ್ಪಾರಿಗೆ ಉಂಡಿ ಕೊಡುವ ಮೊದಲು ಡಾಕ್ಟರನ್ನು ಒಮ್ಮೆ ಕೇಳಿರಿ ಅಂದೆ.

ಅದೇ ದಿನ ಆ ಲೈಸೆನ್ಸ್ ಕೆಲಸ ನೋಡುವವರಿಂದ ಇನ್ನೊಂದು ವಿಷಯ ಗೊತ್ತಾಯಿತು. ದಾರಿ ತಪ್ಪಿಸುವ ಜಾಹೀರಾತು ಮತ್ತು ಅದರಲ್ಲಿನ ಶಿಫಾರಸು ಮಾತುಗಳ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಮಾರ್ಗಸೂಚಿ ತಂದಿದೆ. ಜಾಹೀರಾತಿನಲ್ಲಿ ಒಬ್ಬರ ಮಾತು ಹಾಕಿದರೆ ಅದು ಅವರ ನಿಜವಾದ ಅಭಿಪ್ರಾಯ ಆಗಿರಬೇಕು, ತೀರಾ ಹಳೆಯದಾಗಿರಬಾರದು, ಆ ವಸ್ತುವಿನ ಬಗ್ಗೆ ಅವರಿಗೆ ಸಾಕಷ್ಟು ಮಾಹಿತಿ ಅಥವಾ ಅನುಭವ ಇರಬೇಕು ಅಂತ ಅದರಲ್ಲಿದೆ. ಕೊನೆಯ ಮಾತು ನನಗೆ ಸರಿಯಾಗಿ ತಟ್ಟಿತು. ಯಾಕೆಂದರೆ ನಾನು ಪಂಚಮಿ ಉಂಡಿಯ ಮಾತುಗಳನ್ನು ಕೂಡಿಸಿ ದೀಪಾವಳಿ ಡಬ್ಬಿ ಮಾರಲು ಹೊರಟಿದ್ದೆ. ದೀಪಾವಳಿ ಡಬ್ಬಿಯಲ್ಲಿ ಇರುವುದು ಶೇಂಗಾ ಉಂಡಿ, ಬೇಸನ್ ಉಂಡಿ, ಚಕ್ಕಲಿ, ಕರ್ಚಿಕಾಯಿ, ಶಂಕರಪಾಳಿ. ಎರಡೂ ಹಬ್ಬಕ್ಕೆ ಬರುವುದು ಶೇಂಗಾ ಉಂಡಿ ಒಂದೇ. ಎಳ್ಳುಂಡಿ, ತಂಬಿಟ್ಟಿನ ಮಾತುಗಳನ್ನು ಪಕ್ಕಕ್ಕೆ ಇಟ್ಟೆ. ಚಕ್ಕಲಿ, ಕರ್ಚಿಕಾಯಿಗೆ ಗಣೇಶ ಚೌತಿಗೆ ಒಯ್ದವರನ್ನು ಹೊಸದಾಗಿ ಕೇಳಿದೆ. ಕೊನೆಗೆ ಉಳಿದದ್ದು ಒಂಬತ್ತು ಜನ.

ಈಗ ಅನುಮತಿ. ಒಂಬತ್ತೂ ಜನಕ್ಕೆ ಮೊದಲು ಫೋನ್ ಮಾಡಿದೆ, ಆಮೇಲೆ ಮೆಸೇಜ್ ಕಳಿಸಿದೆ. ಬರೀ ಫೋನಿನಲ್ಲಿ ಹೂಂ ಅಂದರೆ ನಾಳೆ ನನಗೂ ಅವರಿಗೂ ಏನು ಮಾತಾಗಿತ್ತು ಅಂತ ನೆನಪಿರುವುದಿಲ್ಲ. ಬರೀ ಮೆಸೇಜ್ ಆದರೆ ಎಷ್ಟೋ ಜನ ಓದದೆ ಹೆಬ್ಬೆರಳು ಒತ್ತುತ್ತಾರೆ. ಮೆಸೇಜನ್ನು ನಾಲ್ಕು ಸಲ ತಿದ್ದಿ ಬರೆದೆ. ಕಳಿಸಿದ್ದು ಇದು:

"ನಮಸ್ಕಾರ. ಪಂಚಮಿಗೆ ಒಯ್ದ ಶೇಂಗಾ ಉಂಡಿ ಬಗ್ಗೆ ನೀವು ಹೇಳಿದ ಮಾತನ್ನು ನಮ್ಮ ಈ ವರ್ಷದ ದೀಪಾವಳಿ ಜಾಹೀರಾತಿಗೆ ಹಾಕಬಹುದೇ? ನಿಮ್ಮ ಮಾತು ಕೆಳಗಿದೆ. ಹಾಕುವುದು ಮೂರು ಕಡೆ: ಪೇಪರಿನಲ್ಲಿ ಹಂಚುವ ಪಾಂಪ್ಲೆಟ್, ನಮ್ಮ ವಾಟ್ಸಾಪ್ ಸ್ಟೇಟಸ್, ಓಣಿಯ ಬ್ಯಾನರ್. ಯಾವುದಕ್ಕೆ ಹೂಂ, ಯಾವುದಕ್ಕೆ ಬೇಡ, ಬೇರೆ ಬೇರೆ ಹೇಳಿರಿ. ಹೆಸರು ಹೇಗೆ ಹಾಕಲಿ? ಪೂರ್ತಿ ಹೆಸರು, ಬರೀ ಹೆಸರು ಮತ್ತು ಓಣಿ, ಅಥವಾ ಬರೀ ಓಣಿ. ಫೋಟೋ ಹಾಕುವುದಿಲ್ಲ. ಉದ್ದ ಆಗಿದ್ದರೆ ಸ್ವಲ್ಪ ಕಡಿಮೆ ಮಾಡುತ್ತೇನೆ, ಅಚ್ಚಿಗೆ ಹೋಗುವ ಮೊದಲು ನಿಮಗೆ ತೋರಿಸುತ್ತೇನೆ. ಅಚ್ಚಿಗೆ ಹೋಗುವವರೆಗೆ ಯಾವಾಗ ಬೇಕಾದರೂ ಬೇಡ ಅನ್ನಬಹುದು. ಹಂಚಿದ ಕಾಗದ ವಾಪಸ್ ತರೋಕಾಗಲ್ಲ, ಆದರೆ ಸ್ಟೇಟಸ್ ಮತ್ತು ಬ್ಯಾನರ್ ಅದೇ ದಿನ ತೆಗೆಯುತ್ತೇನೆ. ದೀಪಾವಳಿ ಆದ ಮೇಲೆ ನಿಮ್ಮನ್ನು ಕೇಳದೆ ಮತ್ತೆ ಬಳಸುವುದಿಲ್ಲ. ಬೇಡ ಅಂದರೂ ನಮ್ಮ ನಿಮ್ಮ ನಡುವೆ ಏನೂ ಬದಲಾಗುವುದಿಲ್ಲ."

ಇದಕ್ಕೆ ಬದಲಾಗಿ ಏನೂ ಕೊಡುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಮನೆಯವರು ಪಾವು ಕಿಲೋ ಚಕ್ಕಲಿ ಕೊಡೋಣ ಅಂದರು. ಕೊಟ್ಟರೆ ಅವರು ಬೇಡ ಅನ್ನಬೇಕೆಂದಿದ್ದರೂ ಸಂಕೋಚಕ್ಕೆ ಹೂಂ ಅಂತಾರೆ. ಕೊಟ್ಟ ಮೇಲೆ, ಕೊಟ್ಟಿದ್ದೇವೆ ಅಂತ ಜಾಹೀರಾತಿನಲ್ಲೂ ಹೇಳಬೇಕಾಗುತ್ತದೆ.

ಮೂರು ಕಡೆ ಬೇರೆ ಬೇರೆ ಕೇಳಿದ್ದು ಎಷ್ಟು ಒಳ್ಳೆಯದಾಯಿತು ಅಂತ ಉತ್ತರ ಬಂದಾಗ ತಿಳಿಯಿತು. ಸಪ್ತಾಪುರದ ಒಬ್ಬರು ಪಾಂಪ್ಲೆಟ್‌ಗೆ ಹೂಂ ಅಂದರು, ಬ್ಯಾನರ್‌ಗೆ ಬೇಡ. "ಪೇಪರ್ ಓದಿ ಒಗೀತಾರ್ರಿ. ಬ್ಯಾನರ್ ತಿಂಗಳಗಟ್ಟಲೆ ಇರ್ತೈತಿ, ದಿನಾ ಅದರ ಮುಂದ ಹಾದು ಹೋಗಬೇಕು ನಾ" ಅಂದರು. ಇನ್ನೊಬ್ಬರು ಸ್ಟೇಟಸ್‌ಗೆ ಬೇಡ ಅಂದರು, ತಮ್ಮ ಬಳಗದವರೇ ನನ್ನ ನಂಬರ್ ಇಟ್ಟುಕೊಂಡಿದ್ದಾರೆ ಅಂತ. ಇಬ್ಬರು ಯಾವುದಕ್ಕೂ ಬೇಡ ಅಂದರು. ಕಾರಣ ಕೇಳಲಿಲ್ಲ. ಒಬ್ಬರು ಉತ್ತರ ಕೊಡಲೇ ಇಲ್ಲ. ಒಂದು ಸಲ ನೆನಪಿಸಿದೆ, ಆಮೇಲೆ ಬಿಟ್ಟೆ. ಉತ್ತರ ಬರದಿದ್ದರೆ ನೋಟ್‌ಬುಕ್‌ನಲ್ಲಿ ಬೇಡ ಅಂತಲೇ ಬರೆಯುತ್ತೇನೆ. ಉಳಿದದ್ದು ಆರು ಜನ.

ಆ ಆರರಲ್ಲಿ ಒಬ್ಬರು ಮೊಮ್ಮಗ ಕೈಯಲ್ಲಿ ಉಂಡಿ ಹಿಡಿದು ನಗುವ ಫೋಟೋ ತಾವಾಗಿಯೇ ಕಳಿಸಿ, ಹಾಕ್ರಿ ಅಂದರು. ನೋಡಿದರೆ ಯಾರಿಗಾದರೂ ಉಂಡಿ ತಿನ್ನಬೇಕು ಅನಿಸುವಂಥ ಫೋಟೋ. ಆದರೆ ಮಗುವಿನ ಅಪ್ಪ ಅಮ್ಮ ಹೇಳಿರಲಿಲ್ಲ, ತೆಗೆದವರು ಅವರ ಅಳಿಯ. ಅಜ್ಜಿ ಹೂಂ ಅಂದರೆ ಸಾಲದು. ಕೇಳುತ್ತಾ ಹೋಗುವ ಬದಲು ಫೋಟೋ ಹಾಕದೆ ಇರುವ ನನ್ನ ಮೊದಲಿನ ತೀರ್ಮಾನಕ್ಕೇ ನಿಂತೆ.

ಇನ್ನು ಕತ್ತರಿ ಹಾಕುವ ಕೆಲಸ. ಇದು ಸುಲಭ ಅಂತ ಅಂದುಕೊಂಡಿದ್ದೆ. ಹೊಸ ಪದ ಸೇರಿಸದಿದ್ದರೆ ಆಯಿತು, ಬರೀ ಉದ್ದ ಕಡಿಮೆ ಮಾಡೋದು ಅಲ್ವಾ ಅಂತ. ಮಾಳಮಡ್ಡಿಯ ಒಬ್ಬ ವೈನಿ ಕಳಿಸಿದ ದನಿ ಮೆಸೇಜ್‌ನಿಂದ ನನ್ನ ಆ ಲೆಕ್ಕ ತಪ್ಪು ಅಂತ ಗೊತ್ತಾಯಿತು. ಅವರ ಮಾತು ಇದು:

"ಹಾಂ, ಅಕ್ಕಾರ, ನಮಸ್ಕಾರ. ಶೇಂಗಾ ಉಂಡಿ ಚೊಲೊ ಇದ್ವ್ರಿ. ಬೆಲ್ಲ ಹದಕ್ಕ ಇತ್ತು. ಎಳ್ಳುಂಡಿ ಸ್ವಲ್ಪ ಗಟ್ಟಿ ಆಗಿದ್ವು, ನಮ್ಮ ಅತ್ತಿಯವರಿಗೆ ಕಡಿಯಾಕ ಆಗಲಿಲ್ಲ. ಹುಡುಗ್ರು ಮಾತ್ರ, ಏನಂತೀರಿ, ಎರಡ ದಿನದಾಗ ಡಬ್ಬಿ ಖಾಲಿ ಮಾಡಿದ್ರು ನೋಡ್ರಿ."

ನಾನು ಮೊದಲು ಮಾಡಿದ್ದು ಹೀಗೆ: "ಉಂಡಿ ಚೊಲೊ ಇದ್ವ್ರಿ. ಎರಡ ದಿನದಾಗ ಡಬ್ಬಿ ಖಾಲಿ ಮಾಡಿದ್ರು ನೋಡ್ರಿ." ಎಲ್ಲವೂ ಅವರದ್ದೇ ಪದ, ನನ್ನದು ಒಂದೂ ಇಲ್ಲ. ನೋಡೋಕೆ ಅಚ್ಚುಕಟ್ಟು. ನಮ್ಮಲ್ಲಿ ಉಂಡಿ ಕಟ್ಟುವ ಹಿರಿಯರೊಬ್ಬರಿಗೆ ಓದಿ ಹೇಳಿದೆ. ಎಳ್ಳುಂಡಿ ಪಾಕ ಅವರದೇ. ಅವರು ಕೈ ನಿಲ್ಲಿಸಿ, "ಹಂಗಾದ್ರ ಎಳ್ಳುಂಡೀನೂ ಚೊಲೊ ಇದ್ವು ಅಂತ ಆತಲ್ಲವಾ" ಅಂದರು. ಹೌದು. "ಶೇಂಗಾ" ಅನ್ನುವ ಒಂದು ಪದ ತೆಗೆದದ್ದಕ್ಕೆ ಗಟ್ಟಿ ಅಂದ ಉಂಡಿಯೂ ಚೊಲೊ ಅನಿಸಿಕೊಂಡಿತು. ಪದ ಸೇರಿಸದೆ, ಬರೀ ತೆಗೆದೇ ನಾನು ಆಕೆ ಹೊಗಳದ್ದನ್ನು ಹೊಗಳಿಸಿದ್ದೆ. ಡಿಸೈನ್ ಹುಡುಗ ಮಾಡಿದ್ದಕ್ಕೂ ಇದಕ್ಕೂ ಓದುವವರ ಕಡೆಯಿಂದ ನೋಡಿದರೆ ಏನು ವ್ಯತ್ಯಾಸ?

ಇನ್ನೂ ಒಂದು ಗೊಂದಲ ಉಳಿದಿತ್ತು. ಹುಡುಗರು ಖಾಲಿ ಮಾಡಿದ್ದು ಯಾವ ಡಬ್ಬಿ? ಅವರು ಎರಡು ಬೇರೆ ಡಬ್ಬಿ ಒಯ್ದಿದ್ದರು. ಫೋನ್ ಮಾಡಿ ಕೇಳಿದೆ. "ಶೇಂಗಾ ಉಂಡೀದ್ರಿ. ಎಳ್ಳುಂಡಿ ಇನ್ನೂ ಅದಾವ, ಕುಟ್ಟಿ ಹಾಲಿಗೆ ಹಾಕಿ ಕೊಡಾಕತ್ತೀನಿ" ಅಂದರು. ಕೇಳದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ. ಕೊನೆಗೆ ನಿಂತ ರೂಪ ಇದು. ಮೇಲೆ ಸಣ್ಣ ಅಕ್ಷರದಲ್ಲಿ ನನ್ನ ಮಾತಾಗಿ "ಪಂಚಮಿಗೆ ಒಯ್ದ ಶೇಂಗಾ ಉಂಡಿ ಬಗ್ಗೆ" ಅಂತ. ಕೆಳಗೆ ಅವರ ಮಾತು: "ಶೇಂಗಾ ಉಂಡಿ ಚೊಲೊ ಇದ್ವ್ರಿ. ಬೆಲ್ಲ ಹದಕ್ಕ ಇತ್ತು... ಹುಡುಗ್ರು ಎರಡ ದಿನದಾಗ ಡಬ್ಬಿ ಖಾಲಿ ಮಾಡಿದ್ರು ನೋಡ್ರಿ."

ನಮಸ್ಕಾರ, ಹಾಂ, ಏನಂತೀರಿ ಅನ್ನುವವು ಹೋದವು. ಅವು ಹೋದರೆ ಅರ್ಥಕ್ಕೆ ಏನೂ ಆಗುವುದಿಲ್ಲ. "ಮಾತ್ರ" ಅನ್ನುವುದನ್ನು ತೆಗೆಯಬೇಕಾಯಿತು, ಅದು ಹಿಂದಿನ ಎಳ್ಳುಂಡಿಯ ಮಾತಿಗೆ ಅಂಟಿಕೊಂಡಿತ್ತು. ಮಾತು ಬಿಟ್ಟ ಜಾಗದಲ್ಲಿ ಮೂರು ಚುಕ್ಕೆ. ಎಳ್ಳುಂಡಿಯ ದೂರನ್ನು ಬಿಟ್ಟದ್ದು ಸರಿಯೇ ಅಂತ ತುಂಬ ಯೋಚಿಸಿದೆ. ನಾನು ನನಗೆ ಹಾಕಿಕೊಂಡ ಪ್ರಶ್ನೆ ಒಂದೇ. ಬಿಟ್ಟ ಸಾಲನ್ನು ಓದುವವರ ಮುಂದೆ ಇಟ್ಟರೆ, ಇಟ್ಟ ಸಾಲಿನ ಬಗ್ಗೆ ಅವರ ಅಭಿಪ್ರಾಯ ಬದಲಾಗುತ್ತದೆಯೇ? ಶೇಂಗಾ ಉಂಡಿಯ ಬಗ್ಗೆ ಬದಲಾಗುವುದಿಲ್ಲ. ದೀಪಾವಳಿ ಡಬ್ಬಿಯಲ್ಲಿ ಎಳ್ಳುಂಡಿ ಇರುವುದೂ ಇಲ್ಲ. ಇದ್ದಿದ್ದರೆ ಆ ಸಾಲು ಬಿಡುತ್ತಿರಲಿಲ್ಲ, ಅಥವಾ ಆ ಮಾತನ್ನೇ ಬಳಸುತ್ತಿರಲಿಲ್ಲ.

ಅದೇ ಪ್ರಶ್ನೆ ಚಕ್ಕಲಿಯ ಮಾತಿಗೆ ಹಾಕಿದಾಗ ಉತ್ತರ ಬೇರೆ ಬಂತು. ಒಬ್ಬರು, "ಚಕ್ಕಲಿ ಎಂಟ ದಿನ ಆದ್ರೂ ಗರಿಗರಿ ಇದ್ವು. ಖಾರ ಜಾಸ್ತಿ ಆತು, ಸಣ್ಣ ಹುಡುಗ್ರು ತಿನ್ನಲಿಲ್ಲ" ಅಂದಿದ್ದರು. ಎರಡನೆಯ ಸಾಲು ಅದೇ ಚಕ್ಕಲಿಯದು, ಅದೇ ಚಕ್ಕಲಿ ದೀಪಾವಳಿ ಡಬ್ಬಿಯಲ್ಲಿ ಇರುತ್ತದೆ. ಸಣ್ಣ ಮಕ್ಕಳಿರುವವರು ಅದನ್ನು ಓದಿದರೆ ತೀರ್ಮಾನ ಬದಲಿಸುತ್ತಾರೆ. ಹಾಗಾಗಿ ಬಿಡುವಂತಿಲ್ಲ. ಪೂರ್ತಿ ಹಾಕಿದೆ. ಕೆಳಗೆ ನನ್ನ ಮಾತಾಗಿ, ಬೇರೆ ಅಕ್ಷರದಲ್ಲಿ, "ಖಾರ ಕಡಿಮೆ ಚಕ್ಕಲಿ ಬೇಕಿದ್ದರೆ ಮೊದಲೇ ಹೇಳಿರಿ" ಅಂತ ಬರೆದೆ. ಅವರ ಮಾತು ಉದ್ಧರಣ ಚಿಹ್ನೆಯೊಳಗೆ, ನನ್ನ ಮಾತು ಹೊರಗೆ. ಇವೆರಡು ಎಲ್ಲೂ ಬೆರೆಯಬಾರದು.

ಭಾಷೆಯ ವಿಷಯಕ್ಕೆ ಪ್ರೆಸ್‌ನಲ್ಲಿ ಸ್ವಲ್ಪ ವಾದವೇ ಆಯಿತು. ಅಕ್ಷರ ಜೋಡಿಸುವವರು "ಚೊಲೊ ಇದ್ವ್ರಿ" ಅನ್ನುವುದನ್ನು "ಬಹಳ ಚೆನ್ನಾಗಿದ್ದವು" ಅಂತ ಮಾಡಿದ್ದರು. ಪಾಂಪ್ಲೆಟ್ ಅಂದರೆ ಶುದ್ಧ ಕನ್ನಡ ಇರಬೇಕು ಅನ್ನುವುದು ಅವರ ವಿಚಾರ. ನೋಡಿ, ಶುದ್ಧ ಮಾಡುವ ನೆಪದಲ್ಲಿ "ಬಹಳ" ಅನ್ನುವ ಪದ ಹೊಸದಾಗಿ ಬಂದು ಸೇರಿದೆ. ವೈನಿ ಚೊಲೊ ಅಂದಿದ್ದರು, ಭಾಳ ಚೊಲೊ ಅಂದಿರಲಿಲ್ಲ. ಆಶ್ಚರ್ಯಸೂಚಕ ಚಿಹ್ನೆಯೂ ಹೀಗೇ. ಅವರು ಸಮಾಧಾನವಾಗಿ ಹೇಳಿದ ಮಾತನ್ನು ಅದು ಕೂಗಿ ಹೇಳಿದ ಹಾಗೆ ಮಾಡುತ್ತದೆ. ಬೆರಳು ತಪ್ಪಿ "ಚಕಲ್ಲಿ" ಅಂತ ಒತ್ತಿದ್ದನ್ನು ತಿದ್ದಿದೆ. ಆಡುವ ಮಾತಿನ ರೂಪವನ್ನು ತಿದ್ದಲಿಲ್ಲ. ಧಾರವಾಡದವರು ಓದುವ ಕಾಗದ, ಧಾರವಾಡದವರ ಮಾತು. ಹಾಗೇ ಇರಲಿ ಅಂದೆ.

ಪ್ರೂಫ್ ಬಂದ ಮೇಲೆ ಆರೂ ಜನಕ್ಕೆ ಅದರ ಫೋಟೋ ಕಳಿಸಿದೆ. ಬರೀ ಅವರ ಸಾಲನ್ನಲ್ಲ, ಇಡೀ ಪಾಂಪ್ಲೆಟ್. ತಮ್ಮ ಮಾತು ಯಾವುದರ ಪಕ್ಕ ಕೂತಿದೆ ಅಂತ ಅವರು ನೋಡಬೇಕು. ಒಬ್ಬರ ಕರ್ಚಿಕಾಯಿ ಮಾತು ಬೇಸನ್ ಉಂಡಿಯ ಚಿತ್ರದ ಕೆಳಗೆ ಬಂದಿತ್ತು. ಅವರು ಬೇಸನ್ ಉಂಡಿ ತಿಂದೇ ಇರಲಿಲ್ಲ. ಅದನ್ನು ನಾನೂ ನೋಡಿರಲಿಲ್ಲ, ಪ್ರೆಸ್‌ನವರೂ ನೋಡಿರಲಿಲ್ಲ. ಹೇಳಿದ್ದು ಅವರೇ. ಇನ್ನೊಬ್ಬರು, ಸಣ್ಣಕ್ಷರ ಓದಲು ಆಗದ ಅಜ್ಜಿ. ಅವರಿಗೆ ಫೋನಿನಲ್ಲಿ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡು, "ಹೌದು, ನಾ ಅಂದದ್ದು ಇಷ್ಟ" ಅಂದರು. ಮೂರನೆಯವರು ಪ್ರೂಫ್ ನೋಡಿದ ಮೇಲೆ, ಬೇಡ ಅಂತ ಬರೆದರು. ಮೊದಲು ಹೂಂ ಅಂದಿದ್ದರು, ಮನೆಯಲ್ಲಿ ಮಾತಾಡಿದ ಮೇಲೆ ಮನಸ್ಸು ಬದಲಾಯಿತಂತೆ. ಅವರ ಸಾಲು ತೆಗೆದಾಗ ಕೆಳಗಿನ ಮೂಲೆ ಖಾಲಿ ಉಳಿಯಿತು. ಹಿಂದಿನ ಸಲ ಜಾಗ ಉಳಿಯಿತು ಅಂತಲೇ ಅಲ್ವಾ ಆ ಹುಡುಗ ಇಲ್ಲದ ಮಾತು ತುಂಬಿದ್ದು. ನಾನು ಆ ಮೂಲೆಯಲ್ಲಿ ಆರ್ಡರ್ ಕೊಡುವ ಕೊನೆಯ ದಿನಾಂಕವನ್ನು ದೊಡ್ಡದಾಗಿ ಹಾಕಿಸಿದೆ.

ಇದಕ್ಕೆಲ್ಲ ಸಮಯ ಬೇಕು ಅಂತ ಮೊದಲೇ ಲೆಕ್ಕ ಹಾಕಿಕೊಂಡಿದ್ದು ಕೈಹಿಡಿಯಿತು. ಅನುಮತಿಗೆ ಒಂದು ವಾರ, ಪ್ರೂಫ್ ನೋಡಿ ಉತ್ತರ ಬರಲು ನಾಲ್ಕು ದಿನ ಇಟ್ಟಿದ್ದೆ. ಎಲ್ಲರೂ ಉತ್ತರ ಕೊಟ್ಟದ್ದು ಐದನೆಯ ದಿನ. ಇವತ್ತು ಕೇಳಿ ನಾಳೆ ಅಚ್ಚು ಹಾಕಿಸುತ್ತೇನೆ ಅಂದಿದ್ದರೆ ಖಂಡಿತ ಯಾರದ್ದೋ ಮಾತು ಅವರು ನೋಡದೆ ಹೋಗುತ್ತಿತ್ತು.

ಐದು ಮಾತುಗಳ ಪಾಂಪ್ಲೆಟ್ ಮನೆಮನೆಗೆ ಹೋಯಿತು. ಮಾರಾಟ ಅದರಿಂದ ಎಷ್ಟು ಏರಿತು ಅಂತ ನಾನು ಹೇಳಲಾರೆ, ಆ ವರ್ಷ ಕರ್ಚಿಕಾಯಿಗೆ ಹೊಸ ಅಳತೆಯ ಡಬ್ಬಿಯನ್ನೂ ಮಾಡಿದ್ದೆವು. ಆದರೆ ಫೋನ್ ಮಾಡಿದವರು ಏನು ಕೇಳಿದರು ಅಂತ ಗೊತ್ತು. "ಖಾರ ಕಡಿಮಿದು ಅದಾವಂತಲ್ರಿ?" ಅಂತ ಕೇಳಿಕೊಂಡೇ ಹದಿನೇಳು ಜನ ಫೋನ್ ಮಾಡಿದರು. ನಾವು ಬೇರೆ ಹಿಟ್ಟು ಕಲಸಿ ಎರಡು ಸಲ ಮಾಡಬೇಕಾಯಿತು. ಖಾರ ಜಾಸ್ತಿ ಆತು ಅಂದಿದ್ದ ಗ್ರಾಹಕರೂ ಈ ಸಲ ಕಡಿಮೆ ಖಾರದ್ದನ್ನೇ ಒಯ್ದರು.

ದೀಪಾವಳಿ ಮುಗಿದ ಮರುದಿನ ಬ್ಯಾನರ್ ಇಳಿಸಿದೆವು. ನೋಟ್‌ಬುಕ್‌ನಲ್ಲಿ ಐದೂ ಹೆಸರಿನ ಮುಂದೆ "ಮುಗಿಯಿತು, ಮತ್ತೆ ಕೇಳಬೇಕು" ಅಂತ ಬರೆದೆ.

ಎಳ್ಳುಂಡಿಯ ಪಾಕವನ್ನು ಈಗ ಬೇರೆ ಮಾಡಿದ್ದೇವೆ. ಬೆಲ್ಲದ ಪಾಕ ನೀರಿಗೆ ಬಿಟ್ಟರೆ ಟಣ್ ಅಂತ ಗಟ್ಟಿ ಉಂಡೆ ಆಗುವವರೆಗೆ ಕಾಯಿಸುತ್ತಿದ್ದೆವು. ಈಗ ಬೆರಳಿಗೆ ಮೆತ್ತಗೆ ಸಿಗುವಾಗಲೇ ಇಳಿಸುತ್ತೇವೆ. ಸಂಕ್ರಾಂತಿಗೆ ಮಾಳಮಡ್ಡಿ ವೈನಿಗೆ ಅರ್ಧ ಕಿಲೋ ಕಳಿಸಿ ನಾಲ್ಕು ದಿನ ಬಿಟ್ಟು ಕೇಳಿದೆ. "ಈ ಸಲ ಅತ್ತಿಯವರು ತಾವ ಕಡದು ತಿಂದ್ರಿ" ಅಂದರು. ನನಗೆ ತುಂಬ ಖುಷಿಯಾಯಿತು. ಇದನ್ನು ಪಂಚಮಿ ಪಾಂಪ್ಲೆಟ್‌ಗೆ ಹಾಕಬಹುದೇನ್ರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬ್ಯಾಡ್ರಿ ಅಕ್ಕಾರ, ಅತ್ತಿಯವರ ಹಲ್ಲಿನ ಸುದ್ದಿ ಊರಿಗೆಲ್ಲ ಯಾಕ" ಅಂದರು. ನೋಟ್‌ಬುಕ್ ತೆಗೆದು ತಾರೀಖು ಹಾಕಿ, ಬಲಗಡೆ ಅವರ ಮಾತು ಬರೆದು, ಅದರ ಕೆಳಗೆ "ಬೇಡ" ಅಂತ ಬರೆದೆ.